ಗದ್ದೆಯ ಕೆಸರು, 53-ಎನ್ ಬಾಟಲಿ ಮತ್ತು ಒಂದು ಗಾಜಿನ ಟ್ಯೂಬ್

ಮಳೆಗಾಲದಲ್ಲಿ ಬಂಟ್ವಾಳದಿಂದ ಬೆಳ್ತಂಗಡಿಗೋ ಮೂಡುಬಿದಿರೆಗೋ ಹೋಗುವಾಗ ರಸ್ತೆ ಪಕ್ಕ ಇನ್ನೂ ಉಳಿದುಕೊಂಡಿರುವ ಏಣೆಲು ಗದ್ದೆಗಳು ಕಾಣುತ್ತವೆ. ನಾಟಿಯಾಗಿ ಕೆಲವು ವಾರ ನೀರು ನಿಂತ ಅಂಥ ಒಂದು ಗದ್ದೆಗೆ ಇಳಿದು, ಕೆಸರನ್ನು ಕದಡದ ಹಾಗೆ ಒಂದು ಮುದ್ದೆ ಎತ್ತಿ ನೋಡಿ. ಮೇಲಿನ ತೆಳ್ಳಗಿನ ಪದರ ಕೆಂಪು ಮಿಶ್ರಿತ ಕಂದು. ಅದರ ಕೆಳಗೆ ಪೂರ್ತಿ ಬೂದು ಬಣ್ಣ, ಜೊತೆಗೊಂದು ಕೊಳೆತ ವಾಸನೆ. ಒಂದೇ ಗದ್ದೆಯ ಒಂದೇ ಮಣ್ಣು, ಆದರೆ ಬಣ್ಣ ಎರಡು.

ಮುರಕಲ್ಲಿನ ಸೀಮೆಯ ಮಣ್ಣು ಕೆಂಪಾಗಿರುವುದು ಆಮ್ಲಜನಕದ ಜೊತೆ ಸೇರಿದ ಕಬ್ಬಿಣದಿಂದ, ಅಂದರೆ ತುಕ್ಕಿನ ಬಣ್ಣ ಅದು. ಗದ್ದೆಯಲ್ಲಿ ನೀರು ನಿಂತಾಗ ಗಾಳಿಯ ಆಮ್ಲಜನಕ ಕೆಳಗಿಳಿಯುವುದು ಬಹಳ ನಿಧಾನ, ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಇಳಿದಷ್ಟನ್ನೂ ಮೇಲಿನ ಪದರದ ಬ್ಯಾಕ್ಟೀರಿಯಾಗಳೇ ಮುಗಿಸಿಬಿಡುತ್ತವೆ. ಕೆಳಗಿರುವ ಬೇರೆ ಜಾತಿಯವು ಆಮ್ಲಜನಕದ ಬದಲು ಆ ತುಕ್ಕಿನ ಕಬ್ಬಿಣವನ್ನೇ ಉಸಿರಾಟಕ್ಕೆ ಬಳಸಿಕೊಳ್ಳುತ್ತವೆ. ಕೆಂಪು ಹೋಗಿ ಬೂದು ಬರುವುದು ಹಾಗೆ. ಯಾರಿಗೆ ಎಷ್ಟು ಗಾಳಿ ಬೇಕು ಅನ್ನುವುದನ್ನು ಅವರು ಎಲ್ಲಿ ಬದುಕುತ್ತಾರೆ ಅನ್ನುವುದರಿಂದಲೇ ಹೇಳಬಹುದು. ಗದ್ದೆಗೆ ಇದು ಮೊದಲಿಂದಲೂ ಗೊತ್ತು. ಪ್ರಯೋಗಾಲಯಕ್ಕೆ ಇದೇ ಮಾತನ್ನು ಒಂದು ಟೆಸ್ಟ್ ಟ್ಯೂಬಿನಲ್ಲಿ ಸುಲಭವಾಗಿ ತೋರಿಸಲು 1940ರವರೆಗೆ ಕಾಯಬೇಕಾಯಿತು. ಆ ನಡುವೆ ನಮ್ಮ ದೇಶದಲ್ಲಿ ಹತ್ತೊಂಬತ್ತು ಜನ ಸತ್ತ ಒಂದು ಪ್ರಕರಣವೂ ನಡೆಯಿತು.

ಕಥೆ ಶುರುವಾಗುವುದು 1861ರಲ್ಲಿ, ಲೂಯಿ ಪಾಶ್ಚರ್ ಸೂಕ್ಷ್ಮದರ್ಶಕದ ಕೆಳಗೆ ಇಟ್ಟ ಒಂದು ಹನಿಯಿಂದ. ಬೆಣ್ಣೆ ಕಮಟಿದಾಗ ಬರುವ ಬ್ಯುಟಿರಿಕ್ ಆಮ್ಲವನ್ನು ತಯಾರಿಸುವ ಜೀವಿಗಳನ್ನು ಆತ ನೋಡುತ್ತಿದ್ದ. ಹನಿಯ ಅಂಚಿನಲ್ಲಿ, ಗಾಳಿ ತಾಗುವ ಕಡೆ ಇದ್ದವು ಚಲನೆ ನಿಲ್ಲಿಸಿ ಬಿದ್ದಿದ್ದವು. ಹನಿಯ ನಡುವೆ ಇದ್ದವು ಮಾತ್ರ ಆರಾಮವಾಗಿ ಓಡಾಡುತ್ತಿದ್ದವು. ಗಾಳಿ ಇಲ್ಲದೆ ಬದುಕುವುದು ಅಷ್ಟೇ ಅಲ್ಲ, ಗಾಳಿ ತಾಗಿದರೆ ಸೋಲುವ ಜೀವವೂ ಇದೆ ಅಂತ ಆಯಿತು. ಗಾಳಿ ಬೇಕಾದವಕ್ಕೆ ಏರೋಬ್, ಬೇಡದವಕ್ಕೆ ಅನೇರೋಬ್ ಅನ್ನುವ ಹೆಸರು ಬಂದದ್ದು ಪಾಶ್ಚರನಿಂದಲೇ.

ಅನೇರೋಬ್‌ಗಳಲ್ಲಿ ಮನುಷ್ಯನಿಗೆ ತೀರಾ ಹತ್ತಿರದ್ದು ಧನುರ್ವಾಯುವಿನ ಬ್ಯಾಕ್ಟೀರಿಯಾ. ಹಟ್ಟಿಗೊಬ್ಬರ ಬಿದ್ದ ಮಣ್ಣಿನಲ್ಲಿ ಅದರ ಬೀಜಾಣುಗಳು ಇದ್ದೇ ಇರುತ್ತವೆ. ಗದ್ದೆಯಲ್ಲೋ ಕಂಬಳದ ಕರೆಯಲ್ಲೋ ಕಾಲಿಗೆ ಏನಾದರೂ ಆಳವಾಗಿ ಚುಚ್ಚಿದರೆ ಮನೆಯವರು ಮೊದಲು ಕೇಳುವುದು 'ಟಿಟಿ ಹಾಕಿಸಿದ್ಯಾ?' ಅಂತ. ಕಾರಣ ಇಷ್ಟೇ: ಮೇಲ್ಮೈಯ ತರಚು ಗಾಯಕ್ಕೆ ಗಾಳಿ ತಾಗುತ್ತದೆ, ಆಳದ ಚುಚ್ಚು ಗಾಯದಲ್ಲಿ ಸತ್ತ ಮಾಂಸದ ನಡುವೆ ಗಾಳಿ ಇರುವುದಿಲ್ಲ. ಬೀಜಾಣುವಿಗೆ ಅದು ಗದ್ದೆಯ ಬೂದು ಪದರವೇ.

1889ರಲ್ಲಿ ಬರ್ಲಿನ್‌ನಲ್ಲಿ ಕಿಟಸಾಟೊ ಶಿಬಾಸಬುರೊ ಈ ಬ್ಯಾಕ್ಟೀರಿಯಾವನ್ನು ಮೊದಲ ಬಾರಿ ಬೇರೆಯವುಗಳ ಸಹವಾಸ ಬಿಡಿಸಿ ಬೆಳೆಸಿದ. ಮಿಶ್ರ ಬೆಳವಣಿಗೆಯನ್ನು 80 ಡಿಗ್ರಿಗೆ ಕಾಯಿಸಿದಾಗ ಬೀಜಾಣು ಇಲ್ಲದವು ಸತ್ತವು. ಉಳಿದದ್ದನ್ನು ಗಾಳಿ ತೆಗೆದು ಹೈಡ್ರೋಜನ್ ತುಂಬಿದ ಪಾತ್ರೆಯಲ್ಲಿ ಬೆಳೆಸಿದ. ಉಪಾಯ ಚೆನ್ನಾಗಿತ್ತು, ಆದರೆ ದಿನಾ ಲಸಿಕೆ ತಯಾರಿಸುವ ಜಾಗದಲ್ಲಿ ಪ್ರತಿ ಬಾಟಲಿಗೂ ಹೀಗೆ ಹೈಡ್ರೋಜನ್ ಹಾಯಿಸುತ್ತಾ ಕೂರುವುದು ಎಲ್ಲಿ ಸಾಧ್ಯ?

ಆ ಲಸಿಕೆ ಪ್ಲೇಗಿನದು. ವಾಲ್ಡೆಮಾರ್ ಹಾಫ್‌ಕಿನ್ 1897ರಲ್ಲಿ ಬೊಂಬಾಯಿಯಲ್ಲಿ ಅದನ್ನು ಸಿದ್ಧಪಡಿಸಿದ. ಮರುವರ್ಷ ಹುಬ್ಬಳ್ಳಿಗೆ ಪ್ಲೇಗ್ ಬಂದಾಗ ಡಾ. ಲ್ಯೂಮನ್ ಅಲ್ಲಿಯ ಹತ್ತಾರು ಸಾವಿರ ಜನಕ್ಕೆ ಇದನ್ನೇ ಚುಚ್ಚಿದರು. ನಂತರ ಬೇಡಿಕೆ ಏರುತ್ತಲೇ ಹೋಯಿತು. ಬೇಗ ತಯಾರಿಸಬೇಕೆಂದು ವಿಧಾನವನ್ನು ಬದಲಿಸಿದರು, ಕೆಡದಂತೆ ಬೆರೆಸುತ್ತಿದ್ದ ಕಾರ್ಬಾಲಿಕ್ ಆಮ್ಲವನ್ನೂ ಕೈಬಿಟ್ಟರು.

1902ರ ಅಕ್ಟೋಬರ್ 30. ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಐದು ಬಾಟಲಿಗಳಿಂದ 107 ಜನಕ್ಕೆ ಲಸಿಕೆ ಹಾಕಿದರು. ಸುಮಾರು ಒಂದು ವಾರದ ನಂತರ 19 ಜನಕ್ಕೆ ಧನುರ್ವಾಯು ಶುರುವಾಯಿತು. ಒಬ್ಬರೂ ಉಳಿಯಲಿಲ್ಲ. ಅಷ್ಟೂ ಜನಕ್ಕೆ ಚುಚ್ಚಿದ್ದು ಒಂದೇ ಬಾಟಲಿಯಿಂದ, ಅದರ ಗುರುತು 53-ಎನ್. ಉಳಿದ ನಾಲ್ಕು ಬಾಟಲಿಯವರಿಗೆ ಏನೂ ಆಗಲಿಲ್ಲ.

ತನಿಖಾ ಆಯೋಗ ಪ್ರಯೋಗಾಲಯದ ಕಡೆಗೇ ಬೆರಳು ತೋರಿಸಿತು. ಹಾಫ್‌ಕಿನ್ ಹುದ್ದೆ ಕಳೆದುಕೊಂಡ. ಆದರೆ ದಾಖಲೆಯಲ್ಲೇ ಇನ್ನೊಂದು ಸಂಗತಿ ಇತ್ತು: ಆ ದಿನ ಹಳ್ಳಿಯಲ್ಲಿ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಕಾರ್ಬಾಲಿಕ್ ದ್ರಾವಣದಲ್ಲಿ ಸುಮ್ಮನೆ ಅದ್ದಿ, ಅದರಿಂದಲೇ ಬಾಟಲಿಯ ಮುಚ್ಚಳ ತೆಗೆದಿದ್ದರು. ಹಾಗಾದರೆ ಬೀಜಾಣು ಬಾಟಲಿಗೆ ಬಂದದ್ದು ಬೊಂಬಾಯಿಯಲ್ಲೋ, ಮಲ್ಕೋವಾಲಿನ ನೆಲದಿಂದಲೋ?

ಇಲ್ಲಿ ಗಾಳಿಯ ಲೆಕ್ಕ ಮುಖ್ಯವಾಗುತ್ತದೆ. ತುಂಬಿ ಮುಚ್ಚಿಟ್ಟ ಬಾಟಲಿಯ ತಳ ಅನೇರೋಬ್‌ಗೆ ಒಳ್ಳೆಯ ಜಾಗ. ವಾರಗಟ್ಟಲೆ ಅಲ್ಲಿದ್ದಿದ್ದರೆ ಧನುರ್ವಾಯುವಿನ ಬ್ಯಾಕ್ಟೀರಿಯಾ ಬೆಳೆದು, ವಿಷ ಉಗುಳಿ, ಕೆಟ್ಟ ವಾಸನೆ ಹಿಡಿಸಿರಬೇಕಿತ್ತು. ಬಾಟಲಿ ತೆರೆದ ವೈದ್ಯರಿಗೆ ಯಾವ ವಾಸನೆಯೂ ಬಂದಿರಲಿಲ್ಲ. ಮೊದಲೇ ವಿಷ ತುಂಬಿದ್ದರೆ ರೋಗ ಇನ್ನೂ ಬೇಗ ಕಾಣಿಸಿಕೊಳ್ಳಬೇಕಿತ್ತು. 1907ರಲ್ಲಿ ರೊನಾಲ್ಡ್ ರಾಸ್ ಮತ್ತಿತರ ವಿಜ್ಞಾನಿಗಳು ಇಂಥ ವಾದಗಳನ್ನು ಮುಂದಿಟ್ಟು ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಬರೆದರು. ಆರೋಪ ಸಾಬೀತಾಗಿಲ್ಲ ಎಂದಾಯಿತು. ಹಾಫ್‌ಕಿನ್ ಭಾರತಕ್ಕೆ ವಾಪಸ್ ಬಂದ, ಆದರೆ ಬೊಂಬಾಯಿಗಲ್ಲ, ಕಲ್ಕತ್ತೆಗೆ.

ಈ ಪ್ರಕರಣ ಕೇಳಿದ ಪ್ರಶ್ನೆ ಸರಳವಾದದ್ದು: ಬಾಟಲಿ ಹೊರಗೆ ಹೋಗುವ ಮೊದಲೇ ಅದರಲ್ಲಿ ಗಾಳಿ ಬೇಕಾದದ್ದು, ಬೇಡದ್ದು ಎರಡೂ ಇಲ್ಲ ಅಂತ ಮೇಜಿನ ಮೇಲೆ ಒಂದೇ ಟ್ಯೂಬಿನಲ್ಲಿ ನೋಡಿಬಿಡಬಹುದೇ?

ಉತ್ತರ ತುಂಡು ತುಂಡಾಗಿ ಬಂತು. 1926ರಲ್ಲಿ ಕೇಂಬ್ರಿಜ್‌ನ ಕ್ವಾಸ್ಟೆಲ್ ಮತ್ತು ಮಾರ್ಜರಿ ಸ್ಟೀಫನ್‌ಸನ್, ಗಂಧಕವಿರುವ ಥಯೋಗ್ಲೈಕೊಲೇಟ್‌ನಂಥ ವಸ್ತು ಬೆರೆಸಿದರೆ ಅನೇರೋಬ್ ಬೆಳೆಯಲು ಅನುಕೂಲವಾಗುತ್ತದೆ ಅಂತ ತೋರಿಸಿದರು. ಪಾರ್ಲರಿನಲ್ಲಿ ಕೂದಲು ಗುಂಗುರು ಮಾಡುವ ದ್ರಾವಣದಲ್ಲಿ ಇರುವುದೂ ಇದರ ದಾಯಾದಿಯೇ. 1940ರಲ್ಲಿ ಬಾಲ್ಟಿಮೋರಿನ ಜಾನ್ ಬ್ರೂವರ್ ಇದಕ್ಕೆ ಅಗರ್ ಮತ್ತು ಬಣ್ಣ ಸೇರಿಸಿ, ಗಾಳಿಯಲ್ಲೇ ಇಟ್ಟು ಅನೇರೋಬ್ ಬೆಳೆಸಬಹುದಾದ ತಿಳಿಯಾದ ಸಾರನ್ನು ಮಾಡಿದ.

ಈಗ ಬಳಸುವ ಸಾರಿನ ಪಾಕ ಹೀಗಿದೆ. ಒಂದು ಲೀಟರ್ ನೀರಿಗೆ ಹಾಲಿನ ಕೇಸಿನ್‌ನಿಂದ ಮಾಡಿದ ಪೆಪ್ಟೋನ್, ಯೀಸ್ಟ್ ಸತ್ವ, ಗ್ಲೂಕೋಸ್, ಉಪ್ಪು ಮತ್ತು ಸಿಸ್ಟಿನ್. ಇವು ಊಟದ ಭಾಗ. ಕೆಲಸ ಮಾಡುವುದು ಉಳಿದ ಮೂರು. ಸೋಡಿಯಂ ಥಯೋಗ್ಲೈಕೊಲೇಟ್ ಅರ್ಧ ಗ್ರಾಂ: ಇದು ಒಳಗೆ ಬಂದ ಆಮ್ಲಜನಕವನ್ನು ಹಿಡಿದು ಮುಗಿಸುತ್ತದೆ. ಅಗರ್ ಮುಕ್ಕಾಲು ಗ್ರಾಂ: ಗಟ್ಟಿಯಾಗಲು ಇಷ್ಟು ಸಾಲದು, ಆದರೆ ಸಾರು ಒಳಗೊಳಗೇ ಕದಡಿ ಮೇಲಿನ ಆಮ್ಲಜನಕ ಕೆಳಗೆ ಹೋಗದಂತೆ ತಡೆಯಲು ಸಾಕು. ಕೊನೆಯದು ಒಂದು ಮಿಲಿಗ್ರಾಂ ರೆಸಜುರಿನ್: ಆಮ್ಲಜನಕ ಇರುವಲ್ಲಿ ಗುಲಾಬಿ, ಇಲ್ಲದಲ್ಲಿ ಬಣ್ಣವೇ ಇಲ್ಲ. ಬ್ರೂವರ್ ಮೊದಲು ಬಳಸಿದ ಬಣ್ಣ ಮೆಥಿಲೀನ್ ಬ್ಲೂ.

ಕುದಿಸಿ ತಣಿಸಿದ ಟ್ಯೂಬಿನ ನೆತ್ತಿಯಲ್ಲಿ ಒಂದು ಗುಲಾಬಿ ಪಟ್ಟಿ, ಕೆಳಗೆ ಒಣಹುಲ್ಲಿನ ಬಣ್ಣ. ಅಂದರೆ ನಮ್ಮ ಗದ್ದೆಯ ಎರಡು ಪದರ ಗಾಜಿನೊಳಗೆ ಬಂದ ಹಾಗೆ. ಇದಕ್ಕೆ ಬ್ಯಾಕ್ಟೀರಿಯಾ ಹಾಕಿ, ಅಲ್ಲಾಡಿಸದೆ ಇಟ್ಟು ಒಂದೆರಡು ದಿನ ಬಿಟ್ಟು ನೋಡಿದರೆ, ಎಲ್ಲಿ ಮಬ್ಬಾಗಿದೆ ಅನ್ನುವುದೇ ಉತ್ತರ. ಗಾಳಿ ಬೇಕೇ ಬೇಕಾದ ಸುಡೊಮೊನಾಸ್ ನೆತ್ತಿಯಲ್ಲಿ ಮಾತ್ರ ಬೆಳೆಯುತ್ತದೆ. ಧನುರ್ವಾಯುವಿನದು ಗುಲಾಬಿ ಪಟ್ಟಿಯನ್ನು ಬಿಟ್ಟು ಆಳದಲ್ಲಿ. ಇ. ಕೋಲಿ ಇದ್ದರೆ ಗಾಳಿಯಲ್ಲೂ ಉಸಿರಾಡುತ್ತದೆ, ಇಲ್ಲದಿದ್ದರೂ ನಡೆಸಿಕೊಳ್ಳುತ್ತದೆ. ಹಾಗಾಗಿ ಟ್ಯೂಬ್ ತುಂಬ ಮಬ್ಬು, ಮೇಲೆ ಸ್ವಲ್ಪ ದಟ್ಟ. ಸ್ಟ್ರೆಪ್ಟೊಕಾಕಸ್‌ಗೆ ಗಾಳಿಯ ಉಪಯೋಗವೂ ಇಲ್ಲ, ಭಯವೂ ಇಲ್ಲ, ಅದು ಮೇಲಿಂದ ಕೆಳಗೆ ಒಂದೇ ಸಮ. ಕ್ಯಾಂಪಿಲೊಬ್ಯಾಕ್ಟರ್‌ನಂಥವಕ್ಕೆ ಆಮ್ಲಜನಕ ಬೇಕು, ಆದರೆ ಕಡಿಮೆ ಬೇಕು. ಅವು ನೆತ್ತಿಯಿಂದ ಚೂರು ಕೆಳಗೆ ಒಂದು ಪಟ್ಟಿಯಾಗಿ ನಿಲ್ಲುತ್ತವೆ.

ಅನೇರೋಬ್‌ಗಳಿಗೆ ಗಾಳಿ ಯಾಕಾಗದು? ಆಮ್ಲಜನಕ ಜೀವಕೋಶದೊಳಗೆ ಹೋದಾಗ ಸೂಪರಾಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್‌ನಂಥ ಉಗ್ರ ವಸ್ತುಗಳು ಹುಟ್ಟುತ್ತವೆ. ಗಾಳಿಯಲ್ಲಿ ಬದುಕುವವು ಅವನ್ನು ಕಿಣ್ವಗಳಿಂದ ಕೂಡಲೇ ನಿಭಾಯಿಸುತ್ತವೆ. ಗಾಯಕ್ಕೆ ಪೆರಾಕ್ಸೈಡ್ ಹಾಕಿದಾಗ ನೊರೆ ಬರುವುದು ನಮ್ಮ ಅಂಗಾಂಶದ ಅಂಥದೇ ಕಿಣ್ವದಿಂದ. ಕಟ್ಟಾ ಅನೇರೋಬ್‌ಗಳಲ್ಲಿ ಈ ವ್ಯವಸ್ಥೆ ಇಲ್ಲ, ಇದ್ದರೂ ಸಾಲದು.

ಇಷ್ಟೆಲ್ಲ ಆದರೂ ಟ್ಯೂಬ್ ಮೋಸ ಮಾಡಬಲ್ಲದು. ಚಿಟಿಕೆ ಗದ್ದೆಯ ಮಣ್ಣನ್ನು ನೀರಲ್ಲಿ ಕಲಸಿ, ಕಿಟಸಾಟೊ ಮಾಡಿದ ಹಾಗೆ 80 ಡಿಗ್ರಿಗೆ ಕಾಯಿಸಿ ಈ ಸಾರಿಗೆ ಹಾಕಿದೆವು ಅಂದುಕೊಳ್ಳಿ. ಬೀಜಾಣು ಇರುವವು ಮಾತ್ರ ಉಳಿಯುತ್ತವೆ. ನೆತ್ತಿಯಲ್ಲಿ ಬ್ಯಾಸಿಲಸ್, ತಳದಲ್ಲಿ ಕ್ಲಾಸ್ಟ್ರಿಡಿಯಂ ಬೆಳೆದು ಟ್ಯೂಬ್ ಪೂರ್ತಿ ಮಬ್ಬಾಗುತ್ತದೆ. ನೋಡಿದರೆ ಥೇಟ್ ಇ. ಕೋಲಿ ಥರ! ಒಂದೇ ಜೀವಿ ಎರಡೂ ಕಡೆ ಇದೆಯೋ, ಇಬ್ಬರು ಮನೆ ಹಂಚಿಕೊಂಡಿದ್ದಾರೋ ಹೇಳಲಾಗದು. ಮೇಲಿನದನ್ನೂ ತಳದ್ದನ್ನೂ ಬೇರೆ ಬೇರೆ ತೆಗೆದು, ಗಾಳಿಯಲ್ಲಿ ಒಂದು ತಟ್ಟೆ, ಗಾಳಿ ತೆಗೆದ ಜಾರಿನಲ್ಲಿ ಒಂದು ತಟ್ಟೆ ಹಾಕಿದರೆ ಮಾತ್ರ ನಿಜ ಗೊತ್ತಾಗುತ್ತದೆ. ಹಳೆಯ ಟ್ಯೂಬಿನದು ಇನ್ನೊಂದು ರಗಳೆ. ಗುಲಾಬಿ ಬಣ್ಣ ಮೇಲಿನ ಮೂರನೇ ಒಂದು ಭಾಗ ದಾಟಿತೆಂದರೆ ಆಮ್ಲಜನಕ ಜಾಸ್ತಿ ಇಳಿದಿದೆ ಅಂತ ಅರ್ಥ. ಒಂದು ಸಲ ಕುದಿನೀರಲ್ಲಿಟ್ಟು ಬಣ್ಣ ಹೋಗಿಸಿ ಬಳಸಬಹುದು. ಮತ್ತೆ ಗುಲಾಬಿಯಾದರೆ ಎಸೆಯಬೇಕು.

ಲಸಿಕೆ, ಇಂಜೆಕ್ಷನ್‌ಗಳ ಶುದ್ಧತೆ ಪರೀಕ್ಷೆಯಲ್ಲಿ ಇಂದಿಗೂ ಇದೇ ಸಾರು ಬಳಕೆಯಲ್ಲಿದೆ. ಮಾದರಿ ಹಾಕಿ, 30ರಿಂದ 35 ಡಿಗ್ರಿಯಲ್ಲಿ 14 ದಿನ ಕಾಯುತ್ತಾರೆ. ಲಸಿಕೆ ಕೆಡದಿರಲೆಂದು ಪಾದರಸದ ಸಂಯುಕ್ತ ಬೆರೆಸಿದ್ದರೆ ಅದೂ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆದು, ಕೆಟ್ಟ ಬಾಟಲಿಯನ್ನೂ ಒಳ್ಳೆಯದೆಂದು ತೋರಿಸೀತು. ಥಯೋಗ್ಲೈಕೊಲೇಟ್ ಆ ಪಾದರಸವನ್ನೂ ಕಟ್ಟಿಹಾಕುತ್ತದೆ.

ಹಾಗಾದರೆ 1902ರಲ್ಲಿ ಈ ಟ್ಯೂಬ್ ಇದ್ದಿದ್ದರೆ? ಸಾವುಗಳಾದ ಮೇಲೆ 53-ಎನ್‌ನ ತಳದಲ್ಲಿ ಉಳಿದದ್ದನ್ನು ಅದಕ್ಕೆ ಹಾಕಿದ್ದರೆ ಏನೂ ಬಗೆಹರಿಯುತ್ತಿರಲಿಲ್ಲ. ಅಲ್ಲಿ ಧನುರ್ವಾಯುವಿನ ಬ್ಯಾಕ್ಟೀರಿಯಾ ಇದೆ ಅಂತ ಆಗಲೇ ಪತ್ತೆಯಾಗಿತ್ತು. ಎಂಥ ಜೀವಿ ಬಂದಿದೆ ಅಂತ ಟ್ಯೂಬ್ ಹೇಳುತ್ತದೆ, ಯಾವಾಗ ಬಂತು ಅಂತ ಹೇಳುವುದಿಲ್ಲ. ಅದಕ್ಕೆ ಉತ್ತರ ಬೇಕಿದ್ದರೆ ಬಾಟಲಿ ಬೊಂಬಾಯಿ ಬಿಡುವ ಮೊದಲೇ ಅದೇ ತಯಾರಿಯ ಮಾದರಿ ಈ ಸಾರಿನಲ್ಲಿ ಎರಡು ವಾರ ಕೂತಿರಬೇಕಿತ್ತು, ತಳ ತಿಳಿಯಾಗಿಯೇ ಉಳಿದಿತ್ತು ಅಂತ ಒಬ್ಬರು ಬರೆದಿಟ್ಟಿರಬೇಕಿತ್ತು. ಅಂಥ ಒಂದು ಸಾಲು ಇದ್ದಿದ್ದರೆ ಎಲ್ಲರೂ ನೆಲಕ್ಕೆ ಬಿದ್ದ ಚಿಮಟವನ್ನು ಮೊದಲು ನೋಡುತ್ತಿದ್ದರು.