ವೈದ್ಯಕೀಯ ಉಕ್ತಲೇಖನದ ದೋಷ ಪರಿಷ್ಕರಣೆ

ವೈದ್ಯಕೀಯ ಉಕ್ತಲೇಖನದ ದೋಷ ಪರಿಷ್ಕರಣೆ ಎಂದರೆ ವೈದ್ಯರು ಬಾಯಿಮಾತಿನಲ್ಲಿ ಹೇಳಿ ಬರೆಸಿದ ರೋಗಿಯ ದಾಖಲೆಯಲ್ಲಿ ತಪ್ಪಾಗಿ ಕೇಳಿಸಿಕೊಂಡ ಪದ ಮತ್ತು ಸಂಖ್ಯೆಗಳನ್ನು ಗುರುತಿಸಿ ಸರಿಪಡಿಸುವ ಕೆಲಸ. ಹಿಂದೆ ಧ್ವನಿಮುದ್ರಣವನ್ನು ಕೇಳಿ ಬೆರಳಚ್ಚು ಮಾಡುವ ಲಿಪಿಕಾರರು ಈ ದಾಖಲೆಗಳನ್ನು ಸಿದ್ಧಪಡಿಸುತ್ತಿದ್ದರು. ಈಗ ಅನೇಕ ಆಸ್ಪತ್ರೆಗಳಲ್ಲಿ ಮೊದಲ ಕರಡನ್ನು ಧ್ವನಿ ಗುರುತಿಸುವ ತಂತ್ರಾಂಶವೇ ನೀಡುತ್ತದೆ, ಲಿಪಿಕಾರರು ಅದನ್ನು ತಿದ್ದುತ್ತಾರೆ. ಕೊನೆಯಲ್ಲಿ ವೈದ್ಯರು ಓದಿ ಸಹಿ ಹಾಕುತ್ತಾರೆ.

ದೋಷದ ಸ್ವರೂಪ

ಸಾಮಾನ್ಯ ಬೆರಳಚ್ಚಿನ ತಪ್ಪಿನಲ್ಲಿ ಕಾಗುಣಿತ ಕೆಡುತ್ತದೆ. ಉಕ್ತಲೇಖನದ ತಪ್ಪಿನಲ್ಲಿ ಕಾಗುಣಿತ ಸರಿಯಾಗಿಯೇ ಇರುತ್ತದೆ, ಆದರೆ ಪದವೇ ಬೇರೆಯಾಗಿರುತ್ತದೆ. ಆದ್ದರಿಂದ ಕಾಗುಣಿತ ಪರೀಕ್ಷಕವು ಇದನ್ನು ಹಿಡಿಯಲಾರದು. 2018ರಲ್ಲಿ ಜಾಮಾ ನೆಟ್‌ವರ್ಕ್ ಓಪನ್ ನಿಯತಕಾಲಿಕದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 217 ದಾಖಲೆಗಳನ್ನು ಪರಿಶೀಲಿಸಿತು. ತಂತ್ರಾಂಶದ ಕರಡಿನಲ್ಲಿ 100 ಪದಗಳಿಗೆ 7.4ರಷ್ಟು ದೋಷಗಳಿದ್ದವು. ಲಿಪಿಕಾರರು ತಿದ್ದಿದ ಮೇಲೆ ಅವು 0.4ಕ್ಕೆ, ವೈದ್ಯರ ಸಹಿಯಾದ ಪ್ರತಿಯಲ್ಲಿ 0.3ಕ್ಕೆ ಇಳಿದವು. ಅಂದರೆ ಬಹುಪಾಲು ದೋಷಗಳು ನಿವಾರಣೆಯಾದದ್ದು ನಡುವಿನ ಹಂತದಲ್ಲಿ.

ಧ್ವನಿಸಾಮ್ಯದ ಔಷಧಿಗಳು

ಹೈಡ್ರಲಜೀನ್ ರಕ್ತದೊತ್ತಡ ಇಳಿಸುವ ಔಷಧಿ. ಹೈಡ್ರಾಕ್ಸಿಜೀನ್ ತುರಿಕೆ ಮತ್ತು ಆತಂಕಕ್ಕೆ ಕೊಡುವ ಔಷಧಿ. ಇವೆರಡರ ಆದಿ ಮತ್ತು ಅಂತ್ಯದ ಧ್ವನಿಗಳು ಒಂದೇ ಆಗಿದ್ದು, ವ್ಯತ್ಯಾಸವಿರುವುದು ನಡುವೆ ಮಾತ್ರ. ಎರಡೂ 10, 25 ಹಾಗೂ 50 ಮಿಲಿಗ್ರಾಂ ಮಾತ್ರೆಗಳಾಗಿ ದೊರೆಯುವುದರಿಂದ ಪ್ರಮಾಣವನ್ನು ನೋಡಿ ಇಂಥದ್ದೇ ಎಂದು ಹೇಳಲಾಗದು. ಇಲ್ಲಿ ನೆರವಾಗುವುದು ಚಿಕಿತ್ಸೆಯ ಉದ್ದೇಶ. "ರಕ್ತದೊತ್ತಡ ಹತೋಟಿಗೆ ಬಂದಿಲ್ಲ, ಹೈಡ್ರಾಕ್ಸಿಜೀನ್ 25 ಮಿಲಿಗ್ರಾಂ, ದಿನಕ್ಕೆ ಮೂರು ಬಾರಿ" ಎಂದು ಕರಡಿನಲ್ಲಿದ್ದರೆ, ಕಾಯಿಲೆಗೂ ಔಷಧಿಗೂ ಹೊಂದಿಕೆಯಿಲ್ಲವೆಂಬುದೇ ದೋಷದ ಸುಳಿವು.

ಔಷಧಿ ಪಟ್ಟಿಗಳಲ್ಲಿ ಇವನ್ನು hydrALAZINE ಮತ್ತು hydrOXYzine ಎಂದು ದೊಡ್ಡ ಅಕ್ಷರ ಬೆರೆಸಿ ತೋರಿಸುವ ಪದ್ಧತಿಯಿದೆ. ಇದು ಕಣ್ಣಿನ ಗೊಂದಲವನ್ನು ತಗ್ಗಿಸುತ್ತದೆಯೇ ಹೊರತು ಕಿವಿಯ ಗೊಂದಲವನ್ನಲ್ಲ. ತಪ್ಪಾಗಿ ಕೇಳಿಸಿಕೊಂಡ ಹೆಸರೂ ಅಷ್ಟೇ ಸ್ಪಷ್ಟವಾಗಿ ಅಚ್ಚಾಗುತ್ತದೆ.

ಸಂಖ್ಯೆಗಳು

ಇಂಗ್ಲಿಷಿನ ಫಿಫ್ಟೀನ್ (15) ಮತ್ತು ಫಿಫ್ಟಿ (50), ಥರ್ಟೀನ್ (13) ಮತ್ತು ಥರ್ಟಿ (30) ಜೋಡಿಗಳಲ್ಲಿ ವ್ಯತ್ಯಾಸ ಉಳಿಯುವುದು ಸ್ವರದ ಒತ್ತಿನಲ್ಲಿ ಮತ್ತು ಕೊನೆಯ ನಕಾರದಲ್ಲಿ. ವೇಗವಾಗಿ ಮಾತನಾಡಿದಾಗ ಇವೆರಡೂ ಮಸುಕಾಗುತ್ತವೆ. "ಪಾಯಿಂಟ್" ಎಂಬ ಪದ ಕೇಳಿಸದಿದ್ದರೆ 0.5 ಎಂಬುದು 5 ಆಗಿ, ಪ್ರಮಾಣ ಹತ್ತು ಪಟ್ಟು ಹೆಚ್ಚುತ್ತದೆ. ಆದಕಾರಣ "ಫಿಫ್ಟಿ, ಫೈವ್ ಝೀರೋ" ಎಂದು ಅಂಕಿಗಳನ್ನು ಬಿಡಿಬಿಡಿಯಾಗಿ ಮತ್ತೊಮ್ಮೆ ಹೇಳುವುದು ಒಳ್ಳೆಯ ಅಭ್ಯಾಸ. ಬರೆಯುವಾಗ ದಶಮಾಂಶದ ಮುಂದೆ ಸೊನ್ನೆ ಇರಬೇಕು (0.5), ಪೂರ್ಣಾಂಕದ ನಂತರ ದಶಮಾಂಶ ಸೊನ್ನೆ ಇರಬಾರದು (5.0 ಅಲ್ಲ, 5).

ಲಿಪಿಕಾರರ ಕೈಯಲ್ಲೂ ಇಂಥ ದೋಷ ಸಂಭವಿಸುತ್ತದೆ. ಅಮೆರಿಕದ ಅಲಬಾಮಾ ರಾಜ್ಯದ ಪ್ರಕರಣವೊಂದರಲ್ಲಿ ವೈದ್ಯರು ಹೇಳಿದ 8 ಯೂನಿಟ್ ಇನ್ಸುಲಿನ್, ಭಾರತದಲ್ಲಿ ಲಿಪೀಕರಣಗೊಂಡ ಡಿಸ್ಚಾರ್ಜ್ ಸಮ್ಮರಿಯಲ್ಲಿ 80 ಯೂನಿಟ್ ಎಂದಾಯಿತು. ಅದರಂತೆ ಇನ್ಸುಲಿನ್ ಪಡೆದ ರೋಗಿ 2008ರಲ್ಲಿ ಮೃತಪಟ್ಟರು. 2012ರಲ್ಲಿ ಜ್ಯೂರಿಯು 14 ಕೋಟಿ ಡಾಲರ್ ಪರಿಹಾರ ವಿಧಿಸಿತು.

ತಿದ್ದುವ ಕ್ರಮ

ಸೆಲೆಕ್ಸಾ (ಖಿನ್ನತೆಯ ಔಷಧಿ) ಮತ್ತು ಸೆಲೆಬ್ರೆಕ್ಸ್ (ಕೀಲುನೋವಿನ ಔಷಧಿ) ಜೋಡಿಯಿಂದ ಈ ಕ್ರಮವನ್ನು ತಿಳಿಯಬಹುದು. ಕರಡಿನಲ್ಲಿ "ಸೆಲೆಕ್ಸಾ 200 ಮಿಲಿಗ್ರಾಂ, ದಿನಕ್ಕೊಮ್ಮೆ" ಎಂದಿದೆ ಎನ್ನೋಣ. ಸೆಲೆಕ್ಸಾದ ದೈನಿಕ ಗರಿಷ್ಠ ಮಿತಿ 40 ಮಿಲಿಗ್ರಾಂ ಆದ್ದರಿಂದ ಇಲ್ಲಿ ದೋಷವಿರುವುದು ಖಚಿತ. ಆದರೆ ದೋಷ ಎಲ್ಲಿದೆ ಎಂಬುದು ಖಚಿತವಲ್ಲ. ಹೆಸರು ತಪ್ಪಿದ್ದರೆ ಸರಿಯಾದದ್ದು ಸೆಲೆಬ್ರೆಕ್ಸ್ 200. ಸಂಖ್ಯೆ ತಪ್ಪಿದ್ದರೆ ಸೆಲೆಕ್ಸಾ 20. ಎರಡೂ ವಾಡಿಕೆಯ ಪ್ರಮಾಣಗಳೇ.

ಪರಿಷ್ಕರಿಸುವವರು ಮೊದಲು ಆ ಭಾಗದ ಧ್ವನಿಮುದ್ರಣವನ್ನು ನಿಧಾನಗತಿಯಲ್ಲಿ ಕೇಳುತ್ತಾರೆ. ಅನಂತರ ಅದೇ ದಾಖಲೆಯಲ್ಲಿ ಖಿನ್ನತೆಯ ಉಲ್ಲೇಖವಿದೆಯೇ, ಕೀಲುನೋವಿನ ಉಲ್ಲೇಖವಿದೆಯೇ ಎಂದು ನೋಡಿ, ರೋಗಿಯ ಹಿಂದಿನ ಔಷಧಿ ಪಟ್ಟಿಯೊಡನೆ ಹೋಲಿಸುತ್ತಾರೆ. ಮುದ್ರಣ ಸ್ಪಷ್ಟವಾಗಿದ್ದು ದಾಖಲೆಯೂ ಅದಕ್ಕೆ ಹೊಂದಿದರೆ ಮಾತ್ರ ತಿದ್ದುತ್ತಾರೆ. ಇಲ್ಲವಾದರೆ ಆ ಸ್ಥಳವನ್ನು ಖಾಲಿ ಬಿಟ್ಟು, ಕೇಳಿಸಿದ್ದನ್ನು ಮತ್ತು ಮುದ್ರಣದ ಸಮಯವನ್ನು ಟಿಪ್ಪಣಿಯಲ್ಲಿ ನಮೂದಿಸಿ ವೈದ್ಯರಿಗೆ ಕಳುಹಿಸುತ್ತಾರೆ. ಖಾಲಿ ಜಾಗ ಓದುಗರನ್ನು ತಡೆದು ನಿಲ್ಲಿಸುತ್ತದೆ. ಊಹಿಸಿ ತುಂಬಿದ ಪದ ಯಾರನ್ನೂ ತಡೆಯುವುದಿಲ್ಲ.

ಮಿತಿಗಳು

ಮೇಲಿನ ಕ್ರಮವು ಅಸಂಗತವಾಗಿ ಕಾಣುವ ದೋಷಗಳನ್ನಷ್ಟೇ ಹಿಡಿಯುತ್ತದೆ. ಒಂದು ಔಷಧಿಯ 15 ಮತ್ತು 50 ಮಿಲಿಗ್ರಾಂ ಎರಡೂ ರೂಢಿಯಲ್ಲಿದ್ದರೆ ಪಠ್ಯದೊಳಗೆ ಯಾವ ಸುಳಿವೂ ಸಿಗದು. ಆಗ ಉಳಿಯುವ ಆಧಾರಗಳು ಧ್ವನಿಮುದ್ರಣ, ಹಳೆಯ ದಾಖಲೆ ಮತ್ತು ಸ್ವತಃ ಹೇಳಿದ ವೈದ್ಯರು ಮಾತ್ರ. ವೈದ್ಯರೂ ತಾವು ಹೇಳಿದ್ದೇ ಬರೆದಿದೆಯೆಂದು ಭಾವಿಸಿ ಓದುವ ಸಂಭವವಿರುವುದರಿಂದ, ಸಹಿಯಾದ ದಾಖಲೆಯಲ್ಲೂ ಕೆಲವು ದೋಷಗಳು ಉಳಿಯುತ್ತವೆ.