ಸೊನ್ನೆಯ ಮೇರೆ: ಟೋಬಿಟ್ ಕ್ರಮದ ಪೂರ್ವೋತ್ತರ

ಕುಟುಂಬಗಳ ವೆಚ್ಚವನ್ನು ಲೆಕ್ಕವಿಡುವಲ್ಲಿ ಒಂದು ವಿಲಕ್ಷಣವಾದ ತೊಡಕುಂಟು. ವರ್ಷವೊಂದರಲ್ಲಿ ಅನೇಕರು ಬಹುಕಾಲ ಬಾಳುವ ಸಾಮಾನುಗಳನ್ನು ಕೊಳ್ಳುವುದೇ ಇಲ್ಲ. ವೆಚ್ಚವು ಸೊನ್ನೆಗಿಂತ ಕೆಳಗಿಳಿಯಲಾರದ ಕಾರಣ ಅವರೆಲ್ಲರ ಅಂಕವೂ ಅಲ್ಲಿಯೇ ರಾಶಿಬೀಳುತ್ತದೆ. ಅಮೆರಿಕೆಯ ಅರ್ಥಶಾಸ್ತ್ರಜ್ಞ ಜೇಮ್ಸ್ ಟೋಬಿನ್ 1958ರಲ್ಲಿ 'ಎಕನಾಮೆಟ್ರಿಕಾ' ಪತ್ರಿಕೆಯ ಲೇಖನವೊಂದರಲ್ಲಿ ಈ ತೊಡಕನ್ನೇ ವಿಚಾರಕ್ಕೆ ತೆಗೆದುಕೊಂಡನು. ಬೇಸಾಯಗಾರರಲ್ಲದ 735 ಕುಟುಂಬಗಳಲ್ಲಿ ಇಂತಹ ವೆಚ್ಚಕ್ಕೂ ಆದಾಯಕ್ಕೂ ಇರುವ ಪ್ರಮಾಣವು ಯಜಮಾನನ ವಯಸ್ಸನ್ನೂ ಕೈಯಲ್ಲಿರುವ ಹಣವನ್ನೂ ಹೇಗೆ ಅನುಸರಿಸುವುದೆಂಬುದು ಅವನ ಉದಾಹರಣೆ.

ತೊಡಕಿನ ಸ್ವರೂಪವನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಪ್ರತಿಯೊಂದು ಕುಟುಂಬಕ್ಕೂ ಕೊಳ್ಳುವ ಒಳಒಲವೊಂದು ಇದೆಯೆಂದೂ, ಆದಾಯ 100 ಡಾಲರಾದಾಗ ಅದರ ಸರಾಸರಿ ಸೊನ್ನೆ, 200 ಆದಾಗ 20 ಡಾಲರು, ಮಾನಕ ವಿಚಲನೆ ಎರಡೆಡೆಯೂ 20 ಎಂದೂ ಇಟ್ಟುಕೊಳ್ಳೋಣ. ಒಲವು ಸೊನ್ನೆಗಿಂತ ಕೆಳಗಿದ್ದರೆ ಕಾಣುವ ವೆಚ್ಚ ಸೊನ್ನೆಯೇ. ಆಗ ಮೊದಲ ಗುಂಪಿನ ಸರಾಸರಿ ವೆಚ್ಚ ಸುಮಾರು 8, ಎರಡನೆಯದು 21.7, ಏರಿಕೆ 13.7 ಮಾತ್ರ. ಸೊನ್ನೆಗಳನ್ನು ತೆಗೆದುಹಾಕಿ ಕೊಂಡವರನ್ನಷ್ಟೇ ಎಣಿಸಿದರೆ ಸರಾಸರಿಗಳು 16 ಮತ್ತು 25.8, ಏರಿಕೆ 10ಕ್ಕೂ ಕಡಿಮೆ. ನಿಜವಾದ ಏರಿಕೆಯೋ 20. ಸೊನ್ನೆಗಳನ್ನು ಇಟ್ಟರೂ ತೆಗೆದರೂ ಸಾಧಾರಣ ಸರಳರೇಖೆ ತಪ್ಪನ್ನೇ ನುಡಿಯುತ್ತದೆ.

ಟೋಬಿನ್ನನು ಕಂಡ ಪರಿಹಾರವು ಸೊನ್ನೆಯನ್ನು ಬಿಡದೆ ಅದರ ಅರ್ಥವನ್ನು ಮಾತ್ರ ಬದಲಿಸುವುದು. ಕೊಂಡವನ ವೆಚ್ಚಕ್ಕೆ ಆ ಮೊತ್ತವೇ ಒದಗುವ ಸಾಂದ್ರತೆಯನ್ನೂ, ಕೊಳ್ಳದವನಿಗೆ ಒಲವು ಸೊನ್ನೆಯನ್ನು ದಾಟದಿರುವ ಸಂಭಾವ್ಯತೆಯನ್ನೂ ಬರೆದು, ಇವೆಲ್ಲವುಗಳ ಗುಣಲಬ್ಧವನ್ನು ಗರಿಷ್ಠಗೊಳಿಸುವ ಗುಣಾಂಕಗಳನ್ನು ಹುಡುಕಬೇಕು. 1964ರಲ್ಲಿ ಆರ್ಥರ್ ಗೋಲ್ಡ್‌ಬರ್ಗರನು ಈ ಕ್ರಮಕ್ಕೆ ಪ್ರೋಬಿಟ್ ಶಬ್ದದ ಸಾದೃಶ್ಯದಿಂದ ಟೋಬಿಟ್ ಎಂದು ಹೆಸರಿಟ್ಟನು. ಸಾಹಿತ್ಯಾಸಕ್ತರಿಗೆ ಕುತೂಹಲಕರವಾದ ಸಂಗತಿಯೆಂದರೆ, ನೌಕಾಸೇನೆಯಲ್ಲಿ ಟೋಬಿನ್ನನ ಸಹಪಾಠಿಯಾಗಿದ್ದ ಹರ್ಮನ್ ವೌಕನ 1951ರ ಕಾದಂಬರಿ 'ದಿ ಕೇನ್ ಮ್ಯೂಟಿನಿ'ಯಲ್ಲಿ ಟೋಬಿಟ್ ಎಂಬ ಪಾತ್ರವು ಅದಕ್ಕೂ ಮೊದಲೇ ಬಂದಿತ್ತು.

ಈ ಕ್ರಮಕ್ಕೆ ಎರಡು ಆಧಾರಗಳುಂಟು. ಅವು ಕುಸಿದರೆ ಫಲವೂ ಕುಸಿಯುತ್ತದೆ. ಒಲವಿನ ಏರಿಳಿತವು ಪ್ರಸಾಮಾನ್ಯ ವಿತರಣೆಯಲ್ಲಿದ್ದು, ಎಲ್ಲ ಆದಾಯಗಳಲ್ಲಿಯೂ ಸಮನಾಗಿರಬೇಕೆಂಬುದು ಒಂದು. ಕೊಳ್ಳುವುದೋ ಬಿಡುವುದೋ ಎಂಬ ನಿರ್ಣಯವನ್ನೂ ಎಷ್ಟು ಕೊಳ್ಳುವುದೆಂಬುದನ್ನೂ ಒಂದೇ ಗುಣಾಂಕ ಆಳಬೇಕೆಂಬುದು ಇನ್ನೊಂದು. ಯಜಮಾನನ ವಯಸ್ಸು ಅಂಗಡಿಗೆ ಹೋಗುವುದನ್ನು ತಡೆದರೂ, ಹೋದವನ ವೆಚ್ಚವನ್ನು ಹೆಚ್ಚಿಸಬಹುದು. ಇದನ್ನು ಒಂದು ಗುಣಾಂಕ ಹೇಳಲಾರದು. ಆದುದರಿಂದಲೇ 1971ರಲ್ಲಿ ಜಾನ್ ಕ್ರ್ಯಾಗನು ಎರಡಕ್ಕೂ ಬೇರೆ ಬೇರೆ ಸಮೀಕರಣಗಳನ್ನು ಕೊಟ್ಟನು. ಪರೀಕ್ಷೆಯ ಮಾರ್ಗವೂ ಸುಲಭವೇ: ಕೊಂಡರೋ ಇಲ್ಲವೋ ಎಂಬುದನ್ನಷ್ಟೇ ನೋಡಿ ಪ್ರೋಬಿಟ್ ಗುಣಾಂಕವನ್ನು ಪಡೆಯಬೇಕು. ಟೋಬಿಟ್ ಗುಣಾಂಕವನ್ನು ಮಾನಕ ವಿಚಲನೆಯಿಂದ ಭಾಗಿಸಿದಾಗ ಬರುವ ಅಂಕವು ಅದಕ್ಕೆ ಸಮೀಪವಿರಬೇಕು. ಬಹುದೂರವಿದ್ದರೆ, ಅಥವಾ ಚಿಹ್ನೆಯೇ ವಿರುದ್ಧವಾದರೆ, ಆ ಸೊನ್ನೆಗಳ ಹಿಂದೆ ಬೇರೆ ಕಾರಣವೊಂದು ಅಡಗಿದೆಯೆಂದು ಶಂಕಿಸುವುದು ಯುಕ್ತ.