ಸ್ಕೋರ್ ಬೇಡ, ನಡೆಗಳನ್ನು ಕಳಿಸಿ: ಲೀಡರ್‌ಬೋರ್ಡ್ ಮೋಸ ಮತ್ತು ಸರ್ವರ್ ತಪಾಸಣೆ ಬೆಳೆದುಬಂದ ದಾರಿ

ಆಪಲ್ ಕಂಪನಿ 2010ರಲ್ಲಿ ಐಫೋನ್ ಆಟಗಳಿಗಾಗಿ ಗೇಮ್ ಸೆಂಟರ್ ಶುರುಮಾಡಿದ ಮೇಲೆ, ಒಂದಕ್ಕೊಂದು ಸಂಬಂಧವೇ ಇಲ್ಲದ ಆಟಗಳ ಲೀಡರ್‌ಬೋರ್ಡ್‌ಗಳಲ್ಲಿ ಮೊದಲ ಸ್ಥಾನಕ್ಕೆ ಒಂದೇ ಸಂಖ್ಯೆ ಬಂದು ಕೂರತೊಡಗಿತು: 9,223,372,036,854,775,807. ಇದು 64 ಬಿಟ್‌ಗಳಲ್ಲಿ ಕಂಪ್ಯೂಟರ್ ಸಾಮಾನ್ಯವಾಗಿ ಬರೆದಿಡುವ ಅತಿ ದೊಡ್ಡ ಪೂರ್ಣಾಂಕ. ಅಷ್ಟು ಅಂಕ ಗಳಿಸಲು ಯಾರೂ ಆಡಿರಲಿಲ್ಲ. ಫೋನಿನಿಂದ ಹೊರಡುವ ಸಂದೇಶದಲ್ಲಿ ಸ್ಕೋರ್ ಇರಬೇಕಾದ ಜಾಗಕ್ಕೆ, ಹಿಡಿಸುವ ಅತಿ ದೊಡ್ಡ ಸಂಖ್ಯೆಯನ್ನು ಯಾರೋ ತುಂಬಿದ್ದರು, ಅಷ್ಟೇ. ಸರ್ವರ್ ಅದನ್ನು ಹಾಗೆಯೇ ಬರೆದುಕೊಂಡಿತು. ಈ ಕ್ಷೇತ್ರದ ಇತಿಹಾಸವೆಲ್ಲ ಆ ಒಂದು ನಂಬಿಕೆಯನ್ನು ಹಂತಹಂತವಾಗಿ ಹಿಂತೆಗೆದುಕೊಂಡ ಕಥೆ.

ಇಂಟರ್ನೆಟ್ ಮನೆಮನೆಗೆ ಬರುವ ಮೊದಲೂ ಈ ಸಮಸ್ಯೆ ಇತ್ತು. 1980ರ ದಶಕದ ಆರಂಭದಲ್ಲಿ ಆಕ್ಟಿವಿಷನ್ ಕಂಪನಿಯ ಆಟಗಳಲ್ಲಿ ನಿಗದಿತ ಸ್ಕೋರ್ ದಾಟಿದವರು ಟಿವಿ ಪರದೆಯ ಫೋಟೋ ತೆಗೆದು ಅಂಚೆಯಲ್ಲಿ ಕಳಿಸಿದರೆ ಬಟ್ಟೆಯ ಬಿಲ್ಲೆಯೊಂದು ಬಹುಮಾನವಾಗಿ ಬರುತ್ತಿತ್ತು. ಅದೇ ಕಂಪನಿಯ ಡ್ರ್ಯಾಗ್‌ಸ್ಟರ್ ಎಂಬ ಕಾರು ಓಟದ ಆಟದಲ್ಲಿ 5.51 ಸೆಕೆಂಡಿನ ದಾಖಲೆಯೊಂದು ದಶಕಗಳ ಕಾಲ ಪಟ್ಟಿಯಲ್ಲಿ ಉಳಿದಿತ್ತು. ಎರಿಕ್ ಕೋಜಿಯಲ್ ಎಂಬುವರು ಆ ಆಟದ ಪ್ರೋಗ್ರಾಮನ್ನು ಬಿಚ್ಚಿ ಓದಿದರು. ಅದರ ನಿಯಮಗಳನ್ನು ಲೆಕ್ಕಕ್ಕೆ ಇಳಿಸಿ, ಯಾವ ಕ್ಷಣ ಯಾವ ಗುಂಡಿ ಒತ್ತಿದರೂ 5.57ಕ್ಕಿಂತ ಬೇಗ ಗುರಿ ಮುಟ್ಟಲಾಗದು ಎಂದು ತೋರಿಸಿದರು. ಆರ್ಕೇಡ್ ದಾಖಲೆಗಳ ಲೆಕ್ಕ ಇಡುವ ಟ್ವಿನ್ ಗ್ಯಾಲಕ್ಸೀಸ್ ಸಂಸ್ಥೆ 2018ರ ಜನವರಿಯಲ್ಲಿ ಆ ದಾಖಲೆಯನ್ನು ತೆಗೆದುಹಾಕಿತು. ಫೋಟೋ, ಸಾಕ್ಷಿಗಳ ಮಾತು ಯಾವುದೂ ಇತ್ಯರ್ಥ ಮಾಡಲಾರದ್ದನ್ನು ಆಟದ ನಿಯಮವೇ ಇತ್ಯರ್ಥ ಮಾಡಿತು. ಸರ್ವರ್ ತಪಾಸಣೆಯ ಮೂಲ ವಿಚಾರ ಇದೇ. ಕೋಜಿಯಲ್ ಕೂತು ಮಾಡಿದ್ದನ್ನು ಸರ್ವರ್ ಪ್ರತಿ ಸ್ಕೋರಿಗೂ ಕ್ಷಣದಲ್ಲಿ ಮಾಡುವಂತಿರಬೇಕು.

ಅದಕ್ಕೆ ಬೇಕಾದ ಇನ್ನೊಂದು ತುಂಡು 1993ರಲ್ಲೇ ಡೂಮ್ ಆಟದಲ್ಲಿತ್ತು. ಡೂಮ್ ತನ್ನ ಆಟವನ್ನು ರೆಕಾರ್ಡ್ ಮಾಡುವಾಗ ಚಿತ್ರಗಳನ್ನು ಉಳಿಸುತ್ತಿರಲಿಲ್ಲ. ಸೆಕೆಂಡಿಗೆ 35 ಬಾರಿ, ಆಟಗಾರ ಮುಂದೆ ಹೋದನೇ, ಪಕ್ಕಕ್ಕೆ ಸರಿದನೇ, ಎಷ್ಟು ತಿರುಗಿದ, ಯಾವ ಗುಂಡಿ ಒತ್ತಿದ ಎಂಬುದನ್ನು ನಾಲ್ಕು ಬೈಟ್‌ಗಳಲ್ಲಿ ಬರೆದಿಡುತ್ತಿತ್ತು. ಒಂದು ನಿಮಿಷದ ಆಟಕ್ಕೆ 8,400 ಬೈಟ್ ಸಾಕು. ಮತ್ತೆ ನೋಡಬೇಕೆಂದರೆ ಆಟವೇ ಆ ಒತ್ತುಗಳನ್ನು ಓದಿಕೊಂಡು ಹೊಸದಾಗಿ ನಡೆಯುತ್ತಿತ್ತು. ರಾಕ್ಷಸರ ಓಡಾಟಕ್ಕೆ ಬೇಕಾದ ಯಾದೃಚ್ಛಿಕ ಸಂಖ್ಯೆಗಳೂ 256 ಅಂಕಿಗಳ ಒಂದು ಸ್ಥಿರ ಕೋಷ್ಟಕದಿಂದ ಬರುತ್ತಿದ್ದುದರಿಂದ, ಅದೇ ಒತ್ತುಗಳಿಗೆ ಪ್ರತಿ ಸಲವೂ ಅದೇ ಆಟ. ವೇಗದ ಆಟಗಾರರು ಈ ಕಡತಗಳನ್ನೇ ದಾಖಲೆಗೆ ಪುರಾವೆಯಾಗಿ ಒಪ್ಪಿಸತೊಡಗಿದರು.

ಆಮೇಲೆ ಬಂದ ಬ್ರೌಸರ್ ಆಟಗಳು ಮಾತ್ರ ಈ ಪಾಠವನ್ನು ಬಹುಮಟ್ಟಿಗೆ ಮರೆತವು. 2000ದ ದಶಕದ ಫ್ಲ್ಯಾಶ್ ಆಟಗಳಲ್ಲಿ ಆಟವೆಲ್ಲ ಆಡುವವನ ಕಂಪ್ಯೂಟರಿನಲ್ಲೇ ನಡೆದು, ಕೊನೆಗೆ ಸರ್ವರಿಗೆ ಹೋಗುತ್ತಿದ್ದುದು ಸುಮಾರು ಹೀಗಿರುತ್ತಿತ್ತು:

```
POST /submit
name=ravi&score=4820
```

ಈ ಸಂದೇಶವನ್ನು ದಾರಿಯಲ್ಲಿ ತಡೆದು 4820ನ್ನು 482000 ಮಾಡಲು ಬ್ರೌಸರಿನ ಒಂದು ಆ್ಯಡ್-ಆನ್ ಸಾಕಾಗಿತ್ತು. ಡೆವಲಪರುಗಳು ಕೊಟ್ಟ ಮೊದಲ ಉತ್ತರ ಗುಪ್ತ ಕೀಲಿ. ಸ್ಕೋರ್ ಮತ್ತು ಕೀಲಿಯನ್ನು ಸೇರಿಸಿ MD5ನಂಥ ಹ್ಯಾಶ್ ತೆಗೆದು, ಅದನ್ನೂ ಜೊತೆಗೆ ಕಳಿಸುವುದು. ಸರ್ವರ್ ಅದೇ ಲೆಕ್ಕ ಮಾಡಿ ತಾಳೆ ನೋಡುವುದು. ಆದರೆ ಕೀಲಿ ಇದ್ದುದು ಆಟದ SWF ಕಡತದಲ್ಲಿ, ಆ ಕಡತ ಇದ್ದುದು ಆಟಗಾರನ ಕೈಯಲ್ಲಿ. ಡಿಕಂಪೈಲರಿನಲ್ಲಿ ತೆರೆದರೆ ಕೀಲಿ ಓದಲು ಸಿಗುತ್ತಿತ್ತು. ಕೀಲಿಯನ್ನು ಎಷ್ಟೇ ಜಾಣತನದಿಂದ ಬಚ್ಚಿಟ್ಟರೂ ಇನ್ನೊಂದು ದಾರಿ ತೆರೆದೇ ಇತ್ತು. ಚೀಟ್ ಎಂಜಿನ್‌ನಂಥ ಸಾಧನದಿಂದ ಮೆಮೊರಿಯಲ್ಲಿರುವ ಸ್ಕೋರನ್ನೇ ಬದಲಿಸಿದರೆ, ಆಟ ತಾನಾಗಿಯೇ ಆ ಸುಳ್ಳಿಗೆ ಸರಿಯಾದ ಹ್ಯಾಶ್ ಹಾಕಿ ಕಳಿಸುತ್ತಿತ್ತು. ಸಂದೇಶ ದಾರಿಯಲ್ಲಿ ಬದಲಾಗಿಲ್ಲ ಎಂಬುದನ್ನಷ್ಟೇ ಹ್ಯಾಶ್ ಹೇಳುತ್ತದೆ. ಕಳಿಸಿದವನೇ ಸುಳ್ಳು ಹೇಳುತ್ತಿದ್ದರೆ ಅದಕ್ಕೆ ಏನೂ ಗೊತ್ತಾಗುವುದಿಲ್ಲ. ಇಂದಿಗೂ ಎಷ್ಟೋ ಆಟಗಳು ಈ ಹಂತದಲ್ಲೇ ನಿಂತಿವೆ ಎಂಬುದು ನನಗೆ ಬೇಸರದ ಸಂಗತಿ, ಏಕೆಂದರೆ ಮುಂದಿನ ಹೆಜ್ಜೆ ಅಷ್ಟೇನೂ ಕಷ್ಟದ್ದಲ್ಲ.

ಆ ಹೆಜ್ಜೆಯನ್ನು ಎಲ್ಲರಿಗೂ ಗೊತ್ತಿರುವ ಒಂದು ಆಟದಲ್ಲೇ ನೋಡೋಣ. ಇಟಲಿಯ ಗೇಬ್ರಿಯೆಲೆ ಚಿರುಲ್ಲಿ 2014ರ ಮಾರ್ಚ್‌ನಲ್ಲಿ 2048 ಎಂಬ ಆಟವನ್ನು ಬಿಡುಗಡೆ ಮಾಡಿ ಅದರ ಕೋಡನ್ನೂ ಮುಕ್ತವಾಗಿ ಇಟ್ಟರು. ನಾಲ್ಕು ಸಾಲು, ನಾಲ್ಕು ಕಂಬಗಳ ಚೌಕ. ಬಿಲ್ಲೆಗಳನ್ನು ಒಂದು ದಿಕ್ಕಿಗೆ ಸರಿಸಿದರೆ ಒಂದೇ ಸಂಖ್ಯೆಯ ಎರಡು ಬಿಲ್ಲೆಗಳು ಕೂಡಿ ದುಪ್ಪಟ್ಟಾಗುತ್ತವೆ, ಕೂಡಿ ಬಂದ ಸಂಖ್ಯೆಯೇ ಅಂಕ. ಪ್ರತಿ ನಡೆಯ ನಂತರ ಖಾಲಿ ಮನೆಯೊಂದರಲ್ಲಿ ಹೊಸ ಬಿಲ್ಲೆ ಬರುತ್ತದೆ: ಹತ್ತರಲ್ಲಿ ಒಂಬತ್ತು ಸಲ 2, ಒಂದು ಸಲ 4. ಮೂಲ ಆಟ ಅತ್ಯುತ್ತಮ ಸ್ಕೋರನ್ನು ಬ್ರೌಸರಿನಲ್ಲೇ `bestScore` ಎಂಬ ಹೆಸರಿನಲ್ಲಿ ಇಟ್ಟುಕೊಳ್ಳುತ್ತದೆ. ತನ್ನಷ್ಟಕ್ಕೆ ಆಡುವವನಿಗೆ ಅದು ಸಾಕು. ಊರಿಗೆಲ್ಲ ಒಂದೇ ಲೀಡರ್‌ಬೋರ್ಡ್ ಬೇಕೆಂದರೆ ಏನು ಮಾಡಬೇಕು?

ಕಡಿಮೆ ಖರ್ಚಿನ ದಾರಿ ಗಡಿ ತಪಾಸಣೆ. ಒಬ್ಬ 600 ನಡೆಗಳಲ್ಲಿ 50,000 ಅಂಕ ಬಂತು ಎಂದು ಕಳಿಸಿದ ಎನ್ನೋಣ. ಆಟ ಎರಡು ಬಿಲ್ಲೆಗಳಿಂದ ಶುರುವಾಗಿ ಪ್ರತಿ ನಡೆಗೆ ಒಂದು ಸೇರುತ್ತದೆ, ಅಂದರೆ ಒಟ್ಟು 602 ಬಿಲ್ಲೆಗಳು. ಎಲ್ಲವೂ 4 ಬಂದರೂ ಹಲಗೆಯ ಮೇಲಿನ ಮೊತ್ತ 2,408 ದಾಟದು. ಹಾಗಾಗಿ ಅಲ್ಲಿರಬಹುದಾದ ಅತಿ ದೊಡ್ಡ ಬಿಲ್ಲೆ 2048. 2ರ ಬಿಲ್ಲೆಗಳಿಂದಲೇ ಅದನ್ನು ಕಟ್ಟಿದರೆ ಸಿಗುವುದು 2048ರ ಹತ್ತುಪಟ್ಟು ಅಂಕ, ಚಿಕ್ಕ ಬಿಲ್ಲೆಗಳಿಗೆ ಅದಕ್ಕಿಂತ ಕಡಿಮೆ ಪಟ್ಟು. ಆದ್ದರಿಂದ ಸ್ಕೋರ್ ಯಾವ ಲೆಕ್ಕದಲ್ಲೂ 24,080 ಮೀರುವಂತಿಲ್ಲ. 50,000 ಶುದ್ಧ ಸುಳ್ಳು. ಆದರೆ ಈ ಜರಡಿ ಮೋಸಗಾರನಿಗೆ ಗಣಿತ ಕಲಿಸುತ್ತದೆ ಅಷ್ಟೇ. ಮುಂದಿನ ಸಲ ಅವನು 950 ನಡೆ, 20,000 ಅಂಕ ಎಂದು ಕಳಿಸುತ್ತಾನೆ. 2048 ಮುಟ್ಟಿದ ನಿಜವಾದ ಆಟವೂ ಸುಮಾರು ಹಾಗೆಯೇ ಇರುತ್ತದೆ.

ಆದ್ದರಿಂದ ಸ್ಕೋರನ್ನು ಕೇಳುವುದನ್ನೇ ಬಿಡಬೇಕು. ಪರೀಕ್ಷೆಯಲ್ಲಿ ವಿದ್ಯಾರ್ಥಿ ಉತ್ತರ ಪತ್ರಿಕೆ ಒಪ್ಪಿಸುತ್ತಾನೆ, ಅಂಕ ಹಾಕುವವರು ಬೇರೆ, ಇಲ್ಲೂ ಹಾಗೆಯೇ. ಆಟ ಶುರುವಾಗುವಾಗ ಸರ್ವರ್ ಒಂದು ಗುರುತು ಸಂಖ್ಯೆಯನ್ನೂ, ಹೊಸ ಬಿಲ್ಲೆಗಳು ಎಲ್ಲಿ ಯಾವುದು ಬರಬೇಕೆಂದು ನಿರ್ಧರಿಸುವ ಬೀಜ ಸಂಖ್ಯೆಯನ್ನೂ ಕೊಡುತ್ತದೆ. ಜಾವಾಸ್ಕ್ರಿಪ್ಟಿನ `Math.random()`ಗೆ ಬೀಜ ಕೊಡಲು ಬಾರದು, ಹಾಗಾಗಿ ಬೀಜ ಒಪ್ಪುವ ಚಿಕ್ಕ ಜನರೇಟರೊಂದನ್ನು ಎರಡೂ ಕಡೆ ಬರೆದುಕೊಳ್ಳಬೇಕು. ಆಟ ಮುಗಿದಾಗ ಬರುವುದು ನಡೆಗಳು ಮಾತ್ರ:

```
{"game": "k81f", "version": 3, "moves": "LLDRDLLU..."}
```

ಒಂದು ನಡೆ ಮೊತ್ತಕ್ಕೆ ಸರಾಸರಿ 2.2 ಸೇರಿಸುವುದರಿಂದ 2048 ಮುಟ್ಟಲು ಸುಮಾರು 930 ನಡೆ ಬೇಕು. ನಡೆಗೊಂದು ಅಕ್ಷರವೆಂದರೂ ಒಂದು ಕಿಲೋಬೈಟ್ ಒಳಗೆ ಇಡೀ ಆಟ ಹಿಡಿಯುತ್ತದೆ. ಸರ್ವರ್ ಮಾಡುವುದು ಇಷ್ಟು:

```
rng = make_rng(seed)
board, score = start(rng), 0
for m in moves:
    if not can_move(board, m): reject()
    board, gained = slide(board, m)
    score += gained
    add_tile(board, rng)
```

ಸ್ಕೋರ್ ಸರ್ವರಿನಲ್ಲೇ ಹುಟ್ಟುತ್ತದೆ. ಮೆಮೊರಿ ಬದಲಿಸಿದರೆ ಮೋಸಗಾರನ ಪರದೆಯ ಅಂಕಿ ಮಾತ್ರ ಬದಲಾಗುತ್ತದೆ. ಒಂದು ಗುರುತು ಸಂಖ್ಯೆಯನ್ನು ಒಂದೇ ಸಲ ಬಳಸಲು ಬಿಟ್ಟರೆ ಬೇರೆಯವರ ಆಟವನ್ನು ನಕಲು ಮಾಡಿ ಕಳಿಸುವುದೂ ನಿಲ್ಲುತ್ತದೆ. 2048ರಲ್ಲಿ ಎಲ್ಲವೂ ಪೂರ್ಣಾಂಕವಾದ್ದರಿಂದ ಎರಡೂ ಕಡೆಯ ಲೆಕ್ಕ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಚೆಂಡು ಪುಟಿಯುವ, ಕಾರು ಜಾರುವ ಆಟಗಳಲ್ಲಿ ಇದು ದೊಡ್ಡ ತಲೆನೋವು. ದಶಮಾಂಶ ಸಂಖ್ಯೆಗಳ `Math.sin`ನಂಥ ಲೆಕ್ಕ ಎಲ್ಲ ಬ್ರೌಸರುಗಳಲ್ಲೂ ಕೊನೆಯ ಅಂಕಿಯವರೆಗೆ ಒಂದೇ ಬರುತ್ತದೆಂಬ ಖಾತರಿ ಇಲ್ಲ. ಅಲ್ಲಿ ಹುಟ್ಟಿದ ಸಣ್ಣ ವ್ಯತ್ಯಾಸ ಸಾವಿರ ಹೆಜ್ಜೆಗಳಲ್ಲಿ ಬೆಳೆದು ಪ್ರಾಮಾಣಿಕ ಆಟಗಾರನನ್ನೇ ಕಳ್ಳನನ್ನಾಗಿಸಬಹುದು. ಒಂದೇ ಬ್ರೌಸರ್ ಬಳಸುವವರ ಆಟಗಳೇ ಹೆಚ್ಚಾಗಿ ತಿರಸ್ಕಾರವಾಗುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಬೀಜ ಕೊಡುವುದರಲ್ಲೇ ಒಂದು ಬಿರುಕಿದೆ. ಅದು ಆಟಗಾರನ ಕೈಯಲ್ಲಿದ್ದರೆ ಮುಂದೆ ಎಲ್ಲಿ ಯಾವ ಬಿಲ್ಲೆ ಬರುತ್ತದೆಂದು ಅವನ ಪ್ರೋಗ್ರಾಮು ಮೊದಲೇ ಲೆಕ್ಕ ಹಾಕಿ, ಅದಕ್ಕೆ ತಕ್ಕ ನಡೆಗಳನ್ನು ಹುಡುಕಬಹುದು. ಆ ನಡೆಗಳೆಲ್ಲ ನಿಯಮಬದ್ಧ, ತಪಾಸಣೆ ದಾಟುತ್ತವೆ. ಇದಕ್ಕೆ ಪೂರ್ತಿ ಪರಿಹಾರ ಆಟವನ್ನೇ ಸರ್ವರಿನಲ್ಲಿ ನಡೆಸುವುದು. ನೆಟ್‌ಹ್ಯಾಕ್ ಎಂಬ ಹಳೆಯ ಆಟದ ಸಾರ್ವಜನಿಕ ಸರ್ವರ್ `nethack.alt.org` 2001ರಿಂದ ಹೀಗೆಯೇ ನಡೆದುಕೊಂಡು ಬಂದಿದೆ. ಆಟಗಾರ ಕಳಿಸುವುದು ಕೀಲಿಮಣೆಯ ಒತ್ತುಗಳನ್ನು, ಮರಳಿ ಬರುವುದು ಪರದೆ. ಫೋನಿನಲ್ಲಿ ಬೆರಳು ಸರಿಸಿ ಆಡುವ 2048ರಲ್ಲಿ ಪ್ರತಿ ಬಿಲ್ಲೆಗೂ ಸರ್ವರಿನತ್ತ ನೋಡುತ್ತ ಕೂತರೆ ಆಟ ತಡೆತಡೆದು ಸಾಗುತ್ತದೆ. ನನಗೆ ಒಪ್ಪಿಗೆಯಾಗುವ ನಡುದಾರಿ ಹೀಗಿದೆ: ಬೀಜ ಸರ್ವರಿನಲ್ಲೇ ಉಳಿಯಲಿ, ಹತ್ತು ನಡೆಗಳಿಗೆ ಬೇಕಾದ ಯಾದೃಚ್ಛಿಕ ಅಂಕಿಗಳನ್ನು ಮಾತ್ರ ಅದು ಕಳಿಸಲಿ, ಆ ಹತ್ತು ನಡೆಗಳು ಬಂದು ಸೇರಿದ ಮೇಲೆ ಮುಂದಿನ ಹತ್ತಕ್ಕೆ. ಆಗ ಮೋಸಗಾರನಿಗೆ ಕಾಣುವುದು ಹೆಚ್ಚೆಂದರೆ ಹತ್ತು ನಡೆ ಮುಂದಕ್ಕೆ, ಮತ್ತು ಕಳಿಸಿದ ನಡೆಯನ್ನು ಅವನು ಹಿಂತೆಗೆದುಕೊಳ್ಳುವಂತಿಲ್ಲ. ಪ್ರತಿ ಕಂತು ಬಂದ ಹೊತ್ತೂ ಸರ್ವರಿನ ಗಡಿಯಾರದಲ್ಲಿ ದಾಖಲಾಗುತ್ತದೆ. 930 ನಡೆ 40 ಸೆಕೆಂಡಿನಲ್ಲಿ ಮುಗಿದಿದ್ದರೆ ಸೆಕೆಂಡಿಗೆ 23 ನಡೆ. ಅದು ಮನುಷ್ಯನ ಬೆರಳಿನ ಕೆಲಸವಲ್ಲ.

ಆಡಿದ್ದು ಯಾರು ಎಂಬ ಪ್ರಶ್ನೆಗೆ ಮಾತ್ರ ಮರು-ಆಟದಿಂದ ಉತ್ತರ ಸಿಗುವುದಿಲ್ಲ. ಟ್ರ್ಯಾಕ್‌ಮೇನಿಯಾ ಎಂಬ ಕಾರು ಓಟದ ಆಟದ ರೀಪ್ಲೇ ಕಡತಗಳಲ್ಲಿ ಆಟಗಾರನ ಒತ್ತುಗಳೆಲ್ಲ ಇರುತ್ತವೆ, ಮತ್ತೆ ಓಡಿಸಿದರೆ ಅದೇ ಸಮಯ ಬರುತ್ತದೆ. ಆದರೂ 2021ರಲ್ಲಿ ಅಲ್ಲಿನ ಹಲವು ದಾಖಲೆಗಳು ಸುಳ್ಳೆಂದು ಬಯಲಾದವು. ಆಟದ ವೇಗವನ್ನು ತಗ್ಗಿಸಿಕೊಂಡು, ನಿಧಾನವಾಗಿ ಯೋಚಿಸಿ ಓಡಿಸಿದ್ದರು. ರೀಪ್ಲೇ ಪೂರ್ತಿ ನಿಯಮಬದ್ಧವಾಗಿತ್ತು. ಸಿಕ್ಕಿಬಿದ್ದದ್ದು, ಸ್ಟಿಯರಿಂಗ್ ಸೆಕೆಂಡಿಗೆ ಎಷ್ಟು ಸಲ ದಿಕ್ಕು ಬದಲಿಸಿತು ಎಂದು ಎಣಿಸಿ ನೋಡಿದಾಗ. ಪ್ರಾಮಾಣಿಕ ಆಟಗಾರರ ಕೈ ಮಾಡಲಾಗದಷ್ಟು ಚುರುಕು ತಿದ್ದುಪಡಿಗಳು ಅಲ್ಲಿದ್ದವು. ಕಂತುಕಂತಾಗಿ ಸರ್ವರಿನ ಗಡಿಯಾರಕ್ಕೆ ಕಟ್ಟಿಹಾಕಿದ ಆಟದಲ್ಲಿ ಈ ನಿಧಾನದ ಮೋಸ ಕಷ್ಟ, ಆದರೆ ಮನುಷ್ಯನ ವೇಗದಲ್ಲೇ ನಡೆ ಕಳಿಸುವ ಪ್ರೋಗ್ರಾಮು ದಾಟಿಯೇ ದಾಟುತ್ತದೆ. ಅದನ್ನು ಹಿಡಿಯುವುದು ಸರ್ವರ್ ತಪಾಸಣೆಯ ಕೆಲಸವಲ್ಲ. ಮೇಲಿನ ಕೆಲವು ಸ್ಥಾನಗಳ ಆಟಗಳನ್ನು ಮನುಷ್ಯರೇ ಕೂತು ನೋಡಬೇಕು.

ಹಾಗೆ ನೋಡಬೇಕಾದರೆ ನಡೆಗಳು ಉಳಿದಿರಬೇಕು. ಸ್ಕೋರ್ ಲೆಕ್ಕ ಹಾಕಿದೊಡನೆ ನಡೆಗಳನ್ನು ಅಳಿಸಿಬಿಡುವ ಸರ್ವರುಗಳಿವೆ. ಒಂದು ಕಿಲೋಬೈಟ್ ಉಳಿಸಲು ಹೋಗಿ ಅವು ಕಳೆದುಕೊಳ್ಳುವುದು ಬಹಳ. ಎರಡು ಬಿಲ್ಲೆ ಕೂಡುವ ಕೋಡಿನಲ್ಲೇ ದೋಷವಿದ್ದು, ಅಪರೂಪದ ಒಂದು ಸನ್ನಿವೇಶದಲ್ಲಿ ಅಂಕ ಎರಡು ಸಲ ಸೇರುತ್ತದೆ ಎನ್ನೋಣ. ಅದೇ ಕೋಡು ಸರ್ವರಿನಲ್ಲೂ ಇರುವುದರಿಂದ ತಪಾಸಣೆ ಅದನ್ನು ಸರಿಯೆಂದೇ ಒಪ್ಪುತ್ತದೆ. ದೋಷ ಗೊತ್ತಾದ ದಿನ, ನಡೆಗಳೂ ಬೀಜವೂ `version` ಅಂಕಿಯೂ ಜೊತೆಗಿದ್ದರೆ ಆ ಆವೃತ್ತಿಯ ಆಟಗಳನ್ನು ತಿದ್ದಿದ ಕೋಡಿನಲ್ಲಿ ಮತ್ತೆ ಓಡಿಸಿ, ಪ್ರತಿಯೊಬ್ಬರಿಗೂ ನಿಜವಾಗಿ ಬರಬೇಕಾದ ಅಂಕವನ್ನು ಕೊಡಬಹುದು. ಬರೀ ಸ್ಕೋರ್ ಉಳಿದಿದ್ದರೆ ಇಡೀ ಪಟ್ಟಿಯನ್ನು ಅಳಿಸಿ, ಚೆನ್ನಾಗಿ ಆಡಿದವರನ್ನೂ ಸೊನ್ನೆಯಿಂದ ಶುರುಮಾಡಿಸಬೇಕಾಗುತ್ತದೆ.